ನಡುವೆ ನಿಲ್ಲುವ ಚಾರ್ಜರ್: ಶಿಕಾರಿಪುರದಿಂದ ಸೊರಬದವರೆಗೆ

ಶಿಕಾರಿಪುರದಲ್ಲಿ ಹುಚ್ಚರಾಯಸ್ವಾಮಿ ದೇವಸ್ಥಾನದ ಕಡೆಗೆ ಹೋಗುವಾಗ ಸಿಗುವ ಅಡ್ಡಬೀದಿಯೊಂದರಲ್ಲಿ ಹೆಂಚಿನ ಮನೆ. ಜಗುಲಿಯ ಪಕ್ಕದ ಗೋಡೆಯಲ್ಲಿ ಹದಿನೈದು ಆಂಪಿಯರಿನ ಸಾಕೆಟ್, ಅದರಿಂದ ಇಳಿದ ಕಪ್ಪು ಕೇಬಲ್, ಕೇಬಲ್ಲಿನ ನಡುವೆ ದೀಪಗಳಿರುವ ಒಂದು ಪೆಟ್ಟಿಗೆ, ತುದಿಯಲ್ಲಿ ಕಾರಿಗೆ ಸಿಕ್ಕಿಸುವ ಗನ್. ಮನೆಯವರ ದೂರು ಒಂದೇ. ಚಾರ್ಜಿಗೆ ಹಾಕಿದರೆ ಸರಿಯಾಗಿಯೇ ಶುರುವಾಗುತ್ತದೆ, ಮುಕ್ಕಾಲು ಗಂಟೆಯೊಳಗೆ ಕೆಂಪು ದೀಪ ಹತ್ತಿ ನಿಂತುಬಿಡುತ್ತದೆ. ಪ್ಲಗ್ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು ಹಾಕಿದರೆ ಮತ್ತೆ ಶುರು, ಮತ್ತೆ ನಿಲುಗಡೆ. ರಾತ್ರಿ ಹಾಕಿ ಮಲಗಿದವರು ಬೆಳಿಗ್ಗೆ ಎದ್ದು ನೋಡಿದರೆ ಬ್ಯಾಟರಿ ಮೂವತ್ತು ಶೇಕಡಾದಲ್ಲೇ ಇರುತ್ತದೆ.

ನಾನು ಹೋದದ್ದು ಈ ಎರಡು ತಾಲ್ಲೂಕುಗಳಲ್ಲಿ ಕಾರಿನ ಚಾರ್ಜಿಂಗ್ ಪಾಯಿಂಟ್ ಹಾಕಿಕೊಡುವ ಎಲೆಕ್ಟ್ರಿಷಿಯನ್ ಒಬ್ಬರ ಜೊತೆ. ಅವರು ಪೆಟ್ಟಿಗೆಯನ್ನು ಮುಟ್ಟಲೇ ಇಲ್ಲ. ಮೊದಲು ಕೇಳಿದ್ದು, "ಎಷ್ಟು ಹೊತ್ತಿಗೆ ನಿಲ್ಲುತ್ತೆ ಅಣ್ಣ? ಹಾಕಿದ ಕೂಡಲೇನಾ, ಅರ್ಧ ಗಂಟೆ ಆದ್ಮೇಲಾ, ಇಲ್ಲಾ ದಿನಾ ಒಂದೇ ಟೈಮಿಗಾ?" ಅವರ ಲೆಕ್ಕದಲ್ಲಿ ಅರ್ಧ ಉತ್ತರ ಗಡಿಯಾರದಲ್ಲೇ ಇದೆ. ಹಾಕಿದ ಕೂಡಲೇ ಕೆಂಪಾದರೆ ಅರ್ಥಿಂಗ್ ಕಡೆ ನೋಡಬೇಕು. ಅರ್ಧ, ಮುಕ್ಕಾಲು ಗಂಟೆ ಓಡಿ ನಿಂತರೆ ಎಲ್ಲೋ ಬಿಸಿಯೇರುತ್ತಿದೆ. ಹಾಕಿದ ಹೊತ್ತಿಗೂ ನಿಂತ ಹೊತ್ತಿಗೂ ಸಂಬಂಧವೇ ಇಲ್ಲದೆ ಊರಿನ ಕರೆಂಟಿನ ವೇಳಾಪಟ್ಟಿಗೆ ಹೊಂದಿಕೊಂಡು ನಿಂತರೆ ವೋಲ್ಟೇಜು. ಇದು ಪೂರ್ತಿ ನಿಜವಲ್ಲ ಎಂಬುದು ಸೊರಬದಲ್ಲಿ ಗೊತ್ತಾಯಿತು. ಆದರೆ ಶಿಕಾರಿಪುರದ ಈ ಮನೆಯ ಮಟ್ಟಿಗೆ ಸಾಕಾಗಿತ್ತು.

ಮೇನ್ ಆಫ್ ಮಾಡಿ ಪ್ಲಗ್ ಎಳೆದರು. ಸಾಕೆಟ್ಟಿನ ಫೇಸ್ ರಂಧ್ರದ ಸುತ್ತ ಬಿಳಿ ಪ್ಲಾಸ್ಟಿಕ್ಕು ಕಂದು ಬಣ್ಣಕ್ಕೆ ತಿರುಗಿತ್ತು. ಪ್ಲಗ್ಗಿನ ಮೂರು ಪಿನ್ನುಗಳಲ್ಲಿ ಒಂದರ ಹೊಳಪು ಹೋಗಿ ನೀಲಿಗಪ್ಪು ಹಿಡಿದಿತ್ತು, ನ್ಯೂಟ್ರಲ್ ಪಿನ್ ಮಾತ್ರ ಹೊಸದರಂತೆಯೇ ಇತ್ತು. ಸಾಕೆಟ್ ಬಿಚ್ಚಿದಾಗ ಫೇಸ್ ವೈರಿನ ಸ್ಕ್ರೂ ಬೆರಳಲ್ಲೇ ತಿರುಗಿತು. ವೈರಿನ ಹೊರಪದರ ಸ್ಕ್ರೂವಿನಿಂದ ಒಂದು ಇಂಚಿನವರೆಗೆ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು.

ಈ ಸಾಕೆಟ್ ಮೂಲತಃ ಗೀಸರಿಗೆಂದು ಹಾಕಿದ್ದು. ಗೀಸರ್ ಕೂಡ ಹೆಚ್ಚುಕಡಿಮೆ ಇಷ್ಟೇ ಕರೆಂಟು ಎಳೆಯುತ್ತದೆ, ಆದರೆ ಕಾಲು ಗಂಟೆ ಎಳೆದು ಥರ್ಮೋಸ್ಟಾಟ್ ಬಿದ್ದು ಸುಮ್ಮನಾಗುತ್ತದೆ. ಸಡಿಲ ಸ್ಕ್ರೂ ಬಿಸಿಯಾಗುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಕಾರು ಹಾಗಲ್ಲ, ಹದಿನೈದು ಆಂಪಿಯರನ್ನು ಬಿಡದೆ ಆರು ಗಂಟೆ ಎಳೆಯುತ್ತದೆ. ಸಡಿಲಾದ ಜಾಗದಲ್ಲಿ ಒಂದು ಓಮಿನ ಹತ್ತನೇ ಒಂದು ಭಾಗದಷ್ಟು ತಡೆ ಇದ್ದರೂ ಲೆಕ್ಕ ಹಾಕಿ: ಹದಿನೈದನ್ನು ಹದಿನೈದರಿಂದ ಗುಣಿಸಿ 225, ಅದರ ಹತ್ತನೇ ಒಂದು ಭಾಗ ಇಪ್ಪತ್ತೆರಡೂವರೆ ವಾಟ್. ರೇಡಿಯೋ ರಿಪೇರಿಯವರು ಬೆಸುಗೆಗೆ ಬಳಸುವ ಸೋಲ್ಡರಿಂಗ್ ಐರನ್ ಕೂಡ ಇಪ್ಪತ್ತೈದು ವಾಟಿನದು. ಅಂಥದ್ದೊಂದನ್ನು ಗೋಡೆಯೊಳಗಿನ ಮುಚ್ಚಿದ ಡಬ್ಬಿಯಲ್ಲಿ ರಾತ್ರಿಯಿಡೀ ಇಟ್ಟ ಹಾಗಾಯಿತು.

ಒಳ್ಳೆಯ ಚಾರ್ಜರುಗಳ ಪ್ಲಗ್ಗಿನೊಳಗೆ ಪಿನ್ನುಗಳ ಪಕ್ಕದಲ್ಲೇ ಥರ್ಮಿಸ್ಟರ್ ಎಂಬ ಚಿಕ್ಕ ಬಿಡಿಭಾಗ ಕೂತಿರುತ್ತದೆ. ಬಿಸಿ ಏರಿದಂತೆ ಅದರ ತಡೆ ಬದಲಾಗುತ್ತದೆ, ಪೆಟ್ಟಿಗೆಗೆ ಸುದ್ದಿ ಮುಟ್ಟುತ್ತದೆ. ಕೆಲವು ಪೆಟ್ಟಿಗೆಗಳು ನೇರ ನಿಲ್ಲಿಸುತ್ತವೆ. ಕೆಲವು ಮೊದಲು ಕರೆಂಟನ್ನು ಹತ್ತು ಆಂಪಿಯರಿಗೆ, ಆಮೇಲೆ ಆರಕ್ಕೆ ಇಳಿಸಿ ನೋಡುತ್ತವೆ, ಅದಕ್ಕೂ ಬಗ್ಗದಿದ್ದರೆ ನಿಲ್ಲಿಸುತ್ತವೆ. ಇಳಿಸುವ ರೀತಿ ಸರಳ. ಗನ್ನಿನಲ್ಲಿ ಕಂಟ್ರೋಲ್ ಪೈಲಟ್ ಎಂಬ ತೆಳು ತಂತಿಯೊಂದಿದೆ, ಪೆಟ್ಟಿಗೆ ಅದರಲ್ಲಿ ಸೆಕೆಂಡಿಗೆ ಸಾವಿರ ಬಾರಿ ಮಿಡಿಯುವ ಸಂಕೇತ ಕಳಿಸುತ್ತದೆ. ಒಂದೊಂದು ಮಿಡಿತದಲ್ಲಿ ಎಷ್ಟು ಪಾಲು ಹೊತ್ತು ಅದು ಮೇಲಿರುತ್ತದೆ ಎಂಬುದನ್ನು ನೋಡಿ ಕಾರು ತಾನು ಎಳೆಯಬಹುದಾದ ಕರೆಂಟನ್ನು ತಿಳಿದುಕೊಳ್ಳುತ್ತದೆ. ಆದ್ದರಿಂದ ಕಾರಿನ ಪರದೆಯಲ್ಲಿ ಮೂರು ಕಿಲೋವಾಟ್ ಚಿಲ್ಲರೆ ಇದ್ದದ್ದು ತಾನಾಗಿ ಎರಡಕ್ಕೆ ಇಳಿದರೆ ಕೆಂಪು ದೀಪಕ್ಕೆ ಕಾಯಬೇಕಾಗಿಲ್ಲ, ಆಗಲೇ ಪ್ಲಗ್ಗಿನ ಮೈ ಮುಟ್ಟಿ ನೋಡಬಹುದು. ಕೈ ಇಡಲಾಗದಷ್ಟು ಬಿಸಿಯಿದ್ದರೆ ವಿಷಯ ಮುಗಿಯಿತು.

ಬಿಸಿಯ ಇನ್ನೊಂದು ವೇಷವೂ ಉಂಟು. ಪೆಟ್ಟಿಗೆಯ ದೀಪಗಳೆಲ್ಲ ಪೂರ್ತಿ ಆರಿದ್ದರೆ ಅದು ನಿಲ್ಲಿಸಿದ್ದಲ್ಲ, ಮೇಲೆ ಎಂಸಿಬಿ ಬಿದ್ದಿದೆ. ಮನೆಯ ಎಂಸಿಬಿಗಳ ಅಳತೆಯನ್ನು ಮೂವತ್ತು ಡಿಗ್ರಿ ತಾಪಮಾನಕ್ಕೆ ಹೊಂದಿಸಿರುತ್ತಾರೆ. ಏಪ್ರಿಲಿನಲ್ಲಿ ಪಶ್ಚಿಮದ ಗೋಡೆಯ ಮೇಲಿರುವ ಕಬ್ಬಿಣದ ಬೋರ್ಡಿನೊಳಗೆ, ಅಕ್ಕಪಕ್ಕದ ಎಂಸಿಬಿಗಳ ಬಿಸಿಯೂ ಸೇರಿ, ಹದಿನಾರರ ಎಂಸಿಬಿ ಹದಿನೈದು ಆಂಪಿಯರಿಗೇ ಬೀಳುವುದುಂಟು. ಹದಿನಾರು ತೆಗೆದು ಮೂವತ್ತೆರಡು ಹಾಕುವುದು ನಮ್ಮ ಕಡೆಯ ಜನಪ್ರಿಯ ಔಷಧ. ಆಮೇಲೆ ಎಂಸಿಬಿ ಬೀಳುವುದಿಲ್ಲ, ವೈರು ಸುಡುತ್ತದೆ.

ಈ ಮನೆಗೆ ಅವರು ಹೇಳಿದ್ದು ಇಷ್ಟು: ಹಳೇ ಸಾಕೆಟ್ ಬಿಟ್ಟುಬಿಡಿ, ಮೇನ್ ಬೋರ್ಡಿನಿಂದ ಬೇರೆಯೇ ನಾಲ್ಕು ಚದರ ಮಿಲಿಮೀಟರಿನ ತಾಮ್ರದ ವೈರು ಎಳೆದು, ಇಪ್ಪತ್ತರ ಎಂಸಿಬಿ ಕೊಟ್ಟು, ಗಟ್ಟಿ ಹಿಡಿತದ ಇಂಡಸ್ಟ್ರಿಯಲ್ ಸಾಕೆಟ್ ಹಾಕೋಣ, ಪ್ಲಗ್ಗನ್ನೂ ಅದಕ್ಕೆ ತಕ್ಕದ್ದೇ ತರಿಸೋಣ. ಸುಟ್ಟ ಪಿನ್ನಿನ ಹಳೇ ಪ್ಲಗ್ಗನ್ನು ಹೊಸ ಸಾಕೆಟ್ಟಿಗೆ ಹಾಕಿದರೆ ಅದನ್ನೂ ಕೆಡಿಸುತ್ತದೆ ಎಂದು ಎರಡೆರಡು ಸಲ ಹೇಳಿದರು.

ಶಿಕಾರಿಪುರ ಬಿಟ್ಟು ಶಿರಾಳಕೊಪ್ಪದ ದಾರಿ ಹಿಡಿದರೆ ಮೊದಲು ಬಯಲು, ಮೆಕ್ಕೆಜೋಳ ಕೊಯ್ದ ಹೊಲ, ಕೆರೆಗಳು. ತಾಳಗುಂದವೂ ಬಳ್ಳಿಗಾವಿಯೂ ಈ ಆಸುಪಾಸಿನವೇ, ಬಿಡುವಿದ್ದವರು ಇಳಿದು ನೋಡಬಹುದು. ನಮ್ಮ ಎಲೆಕ್ಟ್ರಿಷಿಯನ್ ಮಾತ್ರ ದಾರಿಯುದ್ದಕ್ಕೂ ನೋಡುತ್ತಿದ್ದದ್ದು ಕಂಬಗಳನ್ನು. ಎಲ್ಲಿ ಟಿಸಿ ಇದೆ, ಅಲ್ಲಿಂದ ಎಷ್ಟು ಕಂಬದಾಚೆ ಮನೆ ಇದೆ, ನಡುವೆ ಎಷ್ಟು ಪಂಪ್‌ಸೆಟ್ಟಿಗೆ ಲೈನು ಇಳಿದಿದೆ. ಸೊರಬ ಹತ್ತಿರಾದಂತೆ ಅಡಿಕೆ ತೋಟ, ಗದ್ದೆ, ಜಂಬಿಟ್ಟಿಗೆಯ ಕೆಂಪು ದರೆ ಕಾಣತೊಡಗಿದವು. ನಮಗೆ ಬೇಕಾದ ಮನೆ ಸೊರಬದಿಂದ ಚಂದ್ರಗುತ್ತಿ ಕಡೆಗೆ ಹೋಗುವ ದಿಕ್ಕಿನಲ್ಲಿ, ಊರಿಂದ ಹೊರಗೆ, ತೋಟದ ನಡುವೆ.

ಇಲ್ಲಿನ ಕಥೆ ಬೇರೆ. ರಾತ್ರಿ ಹತ್ತರ ಮೇಲೆ ಹಾಕಿದರೆ ಬೆಳಗಿನವರೆಗೆ ತಕರಾರಿಲ್ಲ. ಹಗಲು ಹಾಕಿದರೆ ಮಾತ್ರ ನಿಲ್ಲುತ್ತದೆ, ತಾನೇ ಶುರುವಾಗುತ್ತದೆ, ನಿಲ್ಲುತ್ತದೆ. ಪೆಟ್ಟಿಗೆಯೊಳಗಿನ ರಿಲೇ ಟಕ್ ಎನ್ನುವುದು ಅಂಗಳದಲ್ಲಿ ಅಡಿಕೆ ಹರವುತ್ತಿದ್ದವರಿಗೂ ಕೇಳುತ್ತಿತ್ತಂತೆ. ಮನೆಯ ಅಜ್ಜ ಆಗಲೇ ಕಾರಣ ಕಂಡುಕೊಂಡಿದ್ದರು: "ತ್ರೀ ಫೇಸ್ ಬಂತು ಅಂದ್ರೆ ಇದು ಮಲಗ್ತು." ಮನೆಗೆ ಕರೆಂಟು ಬರುವುದು ತೋಟದ ಪಂಪ್‌ಸೆಟ್ಟುಗಳಿಗಿರುವ ಟಿಸಿಯಿಂದಲೇ. ತ್ರೀ ಫೇಸ್ ಕೊಡುವುದು ದಿನದ ಗೊತ್ತಾದ ಕೆಲವು ಗಂಟೆ. ಹೆಚ್ಚಿನ ಪಂಪುಗಳಿಗೆ ಆಟೋ ಸ್ಟಾರ್ಟರ್ ಇರುವುದರಿಂದ ಕರೆಂಟು ಬಂದ ನಿಮಿಷದಲ್ಲೇ ಎಲ್ಲವೂ ಒಟ್ಟಿಗೆ ಎದ್ದು ಕೂರುತ್ತವೆ.

ಮೀಟರ್ ಹಿಡಿದು ನೋಡಿದೆವು. ಪಂಪುಗಳು ಓಡುತ್ತಿದ್ದಾಗ, ಕಾರು ಹಾಕದೆ, ಸಾಕೆಟ್ಟಿನಲ್ಲಿ 200 ವೋಲ್ಟ್. ಬರಬೇಕಾದದ್ದು 230, ಆದರೂ ಫ್ರಿಜ್ಜು ಫ್ಯಾನು ಓಡುತ್ತವೆ, ಯಾರೂ ಗಮನಿಸುವುದಿಲ್ಲ. ಕಾರು ಹಾಕಿದ ಕೂಡಲೇ ಸೂಚಿ 182ಕ್ಕೆ ಇಳಿಯಿತು. ಈ ಪೆಟ್ಟಿಗೆ 185ಕ್ಕಿಂತ ಕೆಳಗೆ ಹೋದರೆ ನಿಲ್ಲಿಸುವ ಜಾತಿಯದು. ಬೇರೆ ತಯಾರಿಕೆಗಳಲ್ಲಿ ಈ ಗಡಿ ಮೇಲೆ ಕೆಳಗೆ ಇರುತ್ತದೆ, ಕೈಪಿಡಿಯಲ್ಲಿ ಬರೆದಿರುತ್ತಾರೆ. ಕೆಲವು ಸೆಕೆಂಡು ಕಾದು ಪೆಟ್ಟಿಗೆ ಕರೆಂಟು ಕಡಿದ ಕೂಡಲೇ ಸೂಚಿ ಮತ್ತೆ 200ಕ್ಕೆ ಏರಿತು. ಎಲ್ಲ ಸರಿಯಾಯಿತೆಂದುಕೊಂಡ ಪೆಟ್ಟಿಗೆ ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರು ಮಾಡಿತು, ಮತ್ತೆ 182. ಕಾರು ಎಳೆಯುವುದರಿಂದಲೇ ವೋಲ್ಟೇಜು ಬೀಳುತ್ತದೆ, ಬಿದ್ದದ್ದರಿಂದ ಕಾರು ನಿಲ್ಲುತ್ತದೆ, ನಿಂತದ್ದರಿಂದ ವೋಲ್ಟೇಜು ಏಳುತ್ತದೆ. ರಿಪೇರಿಯವರು ಬಂದು ಖಾಲಿ ಸಾಕೆಟ್ಟಿಗೆ ಮೀಟರ್ ಹಚ್ಚಿ "ವೋಲ್ಟೇಜ್ ಇದೆಯಲ್ಲ" ಎಂದು ಹೋಗುವುದು ಇದಕ್ಕೇ. ಅಳೆಯಬೇಕಾದದ್ದು ಕಾರು ಎಳೆಯುತ್ತಿರುವಾಗ.

ಆ ಹದಿನೆಂಟು ವೋಲ್ಟು ಎಲ್ಲಿ ಕಳೆದುಹೋಯಿತು? ಲೆಕ್ಕ ಹಾಕಲು ಅಂಗಳದಿಂದ ಟಿಸಿಯವರೆಗೆ ನಡೆದುಕೊಂಡೇ ಹೋದೆವು, ಅಂದಾಜು ನಾನೂರೈವತ್ತು ಮೀಟರು. ಕಂಬದ ಮೇಲಿರುವುದು ಲೈನ್‌ಮನ್ನರು ವೀಸಲ್ ಎನ್ನುವ, ನಡುವೆ ಉಕ್ಕಿನ ಎಳೆಯಿರುವ ಅಲ್ಯೂಮಿನಿಯಂ ತಂತಿ. ಅದರ ತಡೆ ಒಂದು ಕಿಲೋಮೀಟರಿಗೆ 0.91 ಓಮ್. ಕರೆಂಟು ಫೇಸಿನಲ್ಲಿ ಬಂದು ನ್ಯೂಟ್ರಲ್ಲಿನಲ್ಲಿ ವಾಪಸು ಹೋಗಬೇಕು, ಹಾಗಾಗಿ ದಾರಿ ಒಂಬೈನೂರು ಮೀಟರು, ತಡೆ 0.82 ಓಮ್. ಹದಿನೈದು ಆಂಪಿಯರಿಗೆ ಹನ್ನೆರಡು ವೋಲ್ಟ್ ಚಿಲ್ಲರೆ. ಮೀಟರ್ ಬೋರ್ಡಿನಿಂದ ಕಾರು ನಿಲ್ಲಿಸುವ ಕೊಟ್ಟಿಗೆಗೆ ಎರಡೂವರೆ ಚದರ ಮಿಲಿಮೀಟರಿನ ತಾಮ್ರದ ವೈರು ಇಪ್ಪತ್ತೈದು ಮೀಟರು ಓಡಿದೆ. ಅಂಥ ವೈರಿಗೆ ಕಿಲೋಮೀಟರಿಗೆ 7.41 ಓಮ್, ಹೋಗಿ ಬರುವ ಐವತ್ತು ಮೀಟರಿಗೆ 0.37, ಅಂದರೆ ಐದೂವರೆ ವೋಲ್ಟ್. ಎರಡೂ ಸೇರಿದರೆ ಹದಿನೆಂಟು. ಮೀಟರು ತೋರಿಸಿದ್ದೂ ಅಷ್ಟೇ.

ಈ ಲೆಕ್ಕದಿಂದ ಒಂದು ಖರ್ಚು ತಪ್ಪಿತು. ಮನೆಯವರು ದಪ್ಪ ವೈರು ಎಳೆಸಲು ಸಿದ್ಧರಾಗಿದ್ದರು. ಎರಡೂವರೆ ತೆಗೆದು ಆರು ಚದರ ಮಿಲಿಮೀಟರ್ ಹಾಕಿದರೂ ಉಳಿಯುವುದು ಮೂರು ವೋಲ್ಟ್ ಚಿಲ್ಲರೆ. 182 ಇದ್ದದ್ದು 185ರ ಹೊಸ್ತಿಲಿಗೆ ಬರುತ್ತದೆ, ಇನ್ನೊಂದು ಪಂಪು ಎದ್ದರೆ ಮತ್ತೆ ಕೆಳಗೆ. ನಷ್ಟ ಇರುವುದು ಕಂಬದ ಮೇಲೆ. ಸ್ಟೆಬಿಲೈಸರ್ ಮಾತೂ ಬಂತು. ಸ್ಟೆಬಿಲೈಸರ್ ವೋಲ್ಟೇಜನ್ನು ಹುಟ್ಟಿಸುವುದಿಲ್ಲ, ಲೈನಿನಿಂದ ಹೆಚ್ಚು ಆಂಪಿಯರ್ ಎಳೆದು ಕೊಡುತ್ತದೆ. ಕಾರಿಗೆ 230ರಲ್ಲಿ ಹದಿನೈದು ಬೇಕೆಂದರೆ 180ರ ಲೈನಿನಿಂದ ಹತ್ತೊಂಬತ್ತು ಆಂಪಿಯರ್ ಬರಬೇಕು, ತಂತಿಯಲ್ಲಿ ಕುಸಿತ ಇನ್ನೂ ಹೆಚ್ಚುತ್ತದೆ. ಪಕ್ಕದ ಮನೆಯವರ ಬಲ್ಬು ಮಂಕಾಗಿ, ಮಾತು ಬೇರೆ ಕಡೆ ಹೋಗುತ್ತದೆ.

ಕೆಲಸಕ್ಕೆ ಬಂದದ್ದು ಪೆಟ್ಟಿಗೆಯ ಬದಿಯಲ್ಲಿದ್ದ ಗುಂಡಿ. ಒತ್ತಿ ಹಿಡಿದರೆ ಹದಿನೈದರಿಂದ ಹತ್ತು ಆಂಪಿಯರಿಗೆ ಇಳಿಯುತ್ತದೆ. ಕರೆಂಟು ಮೂರರಲ್ಲಿ ಎರಡು ಪಾಲಾದರೆ ಕುಸಿತವೂ ಅಷ್ಟೇ, ಹದಿನೆಂಟರ ಬದಲು ಹನ್ನೆರಡು. ಸೂಚಿ 188ರಲ್ಲಿ ನಿಂತಿತು, ರಿಲೇ ಸುಮ್ಮನಾಯಿತು. ಇವರ ಕಾರಿಗೆ ಇಪ್ಪತ್ತು ಶೇಕಡಾದಿಂದ ಎಂಬತ್ತಕ್ಕೆ ಏರಲು ಗೋಡೆಯಿಂದ ಸುಮಾರು ಇಪ್ಪತ್ತು ಯೂನಿಟ್ ಬೇಕು. 188 ವೋಲ್ಟಿಗೆ ಹತ್ತು ಆಂಪಿಯರ್ ಎಂದರೆ ಗಂಟೆಗೆ ಎರಡು ಯೂನಿಟ್ಟಿಗೂ ತುಸು ಕಡಿಮೆ, ಹನ್ನೊಂದು ಗಂಟೆಯ ಕೆಲಸ. ಹದಿನೈದಕ್ಕಿಟ್ಟು ದಿನವಿಡೀ ನಿಂತು ಹೊರಡುವುದಕ್ಕಿಂತ ಇದೇ ಬೇಗ. ರಾತ್ರಿ ಪಂಪುಗಳು ಮಲಗಿದ ಮೇಲೆ ಹದಿನೈದಕ್ಕೆ ಏರಿಸಿಕೊಂಡರೆ ಆರೇಳು ಗಂಟೆ ಸಾಕು. ಇದರ ಜೊತೆಗೆ, ಟಿಸಿಯ ಮೂರು ಫೇಸುಗಳಲ್ಲಿ ಈ ಮನೆಯಿರುವ ಫೇಸಿಗೇ ಸಿಂಗಲ್ ಫೇಸ್ ಮನೆಗಳು ಹೆಚ್ಚು ಬಿದ್ದಿದ್ದರೆ ಹಗುರಾದ ಫೇಸಿಗೆ ಬದಲಿಸಿಕೊಡಿ ಎಂದು ಕೇಳಬಹುದು. ಅದು ಲೈನ್‌ಮನ್ ಮಾಡಬೇಕಾದ ಕೆಲಸ. ಕಂಬ ಹತ್ತುವ ಸಾಹಸ ಬೇರೆಯವರಿಗೆ ಬೇಡ.

ಇಲ್ಲಿಗೆ ಮುಗಿಯಿತೆಂದುಕೊಂಡರೆ ಅಜ್ಜನ ಮಗ ಫೋನಿನಲ್ಲಿ ತೆಗೆದ ಹಳೆಯ ಚಿತ್ರವೊಂದನ್ನು ತೋರಿಸಿದರು. ಮಾರ್ಚಿನ ಕೊನೆಯಲ್ಲಿ ಪೆಟ್ಟಿಗೆ ಎರಡು ದಿನ ಅರ್ಥಿಂಗಿನ ದೀಪವನ್ನೇ ಕೆಂಪು ಮಾಡಿಕೊಂಡು ಕೂತಿತ್ತಂತೆ, ಅದೂ ಹಾಕಿದ ಕೂಡಲೇ ಅಲ್ಲ, ಚಾರ್ಜ್ ಹಿಡಿದ ಮೇಲೆ. ಗಡಿಯಾರದ ನಿಯಮ ಇಲ್ಲಿ ಕೈಕೊಟ್ಟಿತು.

ಪೆಟ್ಟಿಗೆ ಅರ್ಥಿಂಗನ್ನು ಎರಡು ರೀತಿಯಲ್ಲಿ ಕಾಯುತ್ತದೆ. ಫೇಸಿನಲ್ಲಿ ಹೋದ ಕರೆಂಟೆಲ್ಲ ನ್ಯೂಟ್ರಲ್ಲಿನಲ್ಲಿ ಮರಳಿತೇ ಎಂದು ಸದಾ ತಾಳೆ ನೋಡುತ್ತದೆ. ಮೂವತ್ತು ಮಿಲಿಆಂಪಿಯರಿನಷ್ಟು ಕಳೆದುಹೋದರೆ, ಅದು ಯಾರದೋ ಮೈಮೂಲಕ ನೆಲಕ್ಕೆ ಹೋಗುತ್ತಿರಬಹುದೆಂದು ಕ್ಷಣದಲ್ಲಿ ಕಡಿಯುತ್ತದೆ. ಮನೆಯ ಆರ್‌ಸಿಸಿಬಿ ಮಾಡುವುದೂ ಇದನ್ನೇ. ಎರಡನೆಯದು, ಅರ್ಥ್ ತಂತಿ ನಿಜಕ್ಕೂ ನೆಲಕ್ಕೆ ಸೇರಿದೆಯೇ ಎಂಬ ಪರೀಕ್ಷೆ. ಅತಿ ಸಣ್ಣ ಕರೆಂಟನ್ನು ಅರ್ಥಿಗೆ ಬಿಟ್ಟು ನೋಡುವ ಪೆಟ್ಟಿಗೆಗಳಿವೆ, ನ್ಯೂಟ್ರಲ್ಲಿಗೂ ಅರ್ಥಿಗೂ ನಡುವಿನ ವೋಲ್ಟೇಜನ್ನು ಗಮನಿಸುವವೂ ಇವೆ. ಆ ವೋಲ್ಟೇಜು ಒಂದು ಮಿತಿ ದಾಟಿದರೆ ಅರ್ಥನ್ನು ನಂಬಲಾಗದು ಎಂದು ನಿಲ್ಲಿಸುತ್ತವೆ.

ಈ ಮನೆಯಲ್ಲಿ ಕಾರು ಹಾಕದಿದ್ದಾಗ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಮೂರು ವೋಲ್ಟ್. ಹದಿನೈದು ಆಂಪಿಯರ್ ಎಳೆದಾಗ ಹನ್ನೆರಡು. ಹಿಂದಿನ ಲೆಕ್ಕವನ್ನೇ ನೋಡಿ: ಕಳೆದ ಹದಿನೆಂಟು ವೋಲ್ಟಿನಲ್ಲಿ ಅರ್ಧ ಫೇಸ್ ತಂತಿಯಲ್ಲಿ, ಉಳಿದರ್ಧ ನ್ಯೂಟ್ರಲ್ ತಂತಿಯಲ್ಲಿ. ನ್ಯೂಟ್ರಲ್ಲು ಟಿಸಿಯ ಹತ್ತಿರ ನೆಲದ ಮಟ್ಟದಲ್ಲಿದ್ದರೂ ಈ ತುದಿಗೆ ಬರುವಾಗ ಒಂಬತ್ತು ವೋಲ್ಟ್ ಮೇಲೆದ್ದಿರುತ್ತದೆ. ಅರ್ಥಿಂಗಿನದೆಂದು ತೋರುವ ಕೆಂಪು ದೀಪದ ಬೇರು ಹೀಗೆ ಉದ್ದ ಲೈನಿನಲ್ಲಿರಬಹುದು. ಹತ್ತು ಆಂಪಿಯರಿಗೆ ಇಳಿಸಿದಾಗ ಈ ಅಂತರವೂ ಒಂಬತ್ತಕ್ಕೆ ಇಳಿಯಿತು.

ಆದರೆ ಅರ್ಥಿಂಗ್ ಕೂಡ ಪೂರ್ತಿ ಸಾಚಾ ಆಗಿರಲಿಲ್ಲ. ಕೊಟ್ಟಿಗೆಯ ಹಿಂದಿನ ಗುಂಡಿ ಜಂಬಿಟ್ಟಿಗೆ ನೆಲದ್ದು, ಬೇಸಿಗೆಯಲ್ಲಿ ಕಲ್ಲಿನಂತೆ ಒಣಗಿತ್ತು. ಅರ್ಥ್ ಟೆಸ್ಟರಿನ ಎರಡು ಗೂಟ ನೆಟ್ಟು ಅಳೆದರೆ 140 ಓಮ್. ನಾಲ್ಕು ಕೊಡ ನೀರು ಸುರಿದು ಸಂಜೆ ಅಳೆದರೆ ಅರ್ಧಕ್ಕೂ ಕಡಿಮೆ. 140 ಓಮ್ ಎಂದರೇನು ಎಂಬುದನ್ನು ಮನೆಯವರಿಗೆ ಬಿಡಿಸಿ ಹೇಳಬೇಕಾಯಿತು. ಫೇಸ್ ತಂತಿ ಕಾರಿನ ಮೈಗೆ ತಾಗಿದರೆ ನೆಲಕ್ಕೆ ಹರಿಯುವುದು ಒಂದೂವರೆ ಆಂಪಿಯರ್ ಚಿಲ್ಲರೆ. ಅಷ್ಟಕ್ಕೆ ಯಾವ ಎಂಸಿಬಿಯೂ ಬೀಳುವುದಿಲ್ಲ, ಅದಕ್ಕದು ಬಲ್ಬಿನ ಹೊರೆಯಂತೆ ಕಾಣುತ್ತದೆ. ಅಂಥ ಹೊತ್ತಲ್ಲಿ ಕೈಹಿಡಿಯುವುದು ಆರ್‌ಸಿಸಿಬಿ ಒಂದೇ. ಅದು ಈ ಮನೆಯಲ್ಲಿ ಇತ್ತು, ಸದ್ಯ. ಗುಂಡಿಯ ಪಕ್ಕ, ಮನೆಯ ಬಚ್ಚಲ ನೀರು ಹರಿಯುವ ಕಡೆ, ಇನ್ನೊಂದು ತಾಮ್ರಲೇಪಿತ ರಾಡು ಹೂತು ಎರಡನ್ನೂ ಜೋಡಿಸುವುದೆಂದು ತೀರ್ಮಾನವಾಯಿತು.

ಇದೇ ಕಡೆ ಇನ್ನೊಬ್ಬ ಕೆಲಸಗಾರ ಸೂಚಿಸಿದ್ದ ಉಪಾಯವನ್ನು ಕೇಳಿ ನಮ್ಮವರು ಸಿಟ್ಟಾದರು. ಸಾಕೆಟ್ಟಿನೊಳಗೆ ನ್ಯೂಟ್ರಲ್ಲಿನಿಂದ ಅರ್ಥ್ ಪಿನ್ನಿಗೆ ಒಂದು ತುಂಡು ವೈರು ಸುತ್ತಿದರೆ ಅಂತರ ಸೊನ್ನೆಯಾಗಿ ಪೆಟ್ಟಿಗೆ ಹಸಿರು ತೋರಿಸುತ್ತದೆ, ನಿಜ. ಆದರೆ ಗಾಳಿಗೆ ಮರ ಬಿದ್ದು ಕಂಬದ ಮೇಲೆ ನ್ಯೂಟ್ರಲ್ ಕಡಿದ ದಿನ, ಮನೆಯ ಬಲ್ಬು ಫ್ರಿಜ್ಜುಗಳ ಮೂಲಕ ಹಾದುಬಂದ ಫೇಸ್ ಕರೆಂಟು ಆ ತುಂಡು ವೈರು ಹಿಡಿದು ಕಾರಿನ ಇಡೀ ಮೈಗೆ ಏರುತ್ತದೆ. ಟೈರಿನ ಮೇಲೆ ನಿಂತ ಕಾರು, ಒದ್ದೆ ಅಂಗಳದಲ್ಲಿ ಬರಿಗಾಲಲ್ಲಿ ಬಂದು ಬಾಗಿಲು ಹಿಡಿಯುವ ಮನುಷ್ಯ. ಮಲೆನಾಡಿನ ಮಳೆಗಾಲದಲ್ಲಿ ಮರ ಬೀಳುವುದು ಎಷ್ಟು ಅಪರೂಪ ಎಂದು ಯಾರೂ ಕೇಳಬೇಕಾಗಿಲ್ಲ.

ಮಳೆ ಹಿಡಿದ ಮೇಲೆ ದೂರಿನ ರೂಪ ಬದಲಾಗುತ್ತದೆ. ಆಗ ಗುಂಡಿ ತಾನಾಗಿ ಒದ್ದೆಯಾಗಿ ಅರ್ಥಿಂಗ್ ಚೆನ್ನಾಗುತ್ತದೆ, ಸೋರಿಕೆ ಶುರುವಾಗುತ್ತದೆ. ಮೂವತ್ತು ಮಿಲಿಆಂಪಿಯರಿನ ಆರ್‌ಸಿಸಿಬಿ ಹದಿನೈದು ದಾಟಿದ ಮೇಲೆ ಯಾವಾಗ ಬೇಕಾದರೂ ಬೀಳಬಹುದು. ಕಾರಿನೊಳಗಿನ ಫಿಲ್ಟರಿನಿಂದ ಮೂರ್ನಾಲ್ಕು ಮಿಲಿಆಂಪಿಯರ್ ಸಹಜವಾಗಿಯೇ ಅರ್ಥಿಗೆ ಹೋಗುತ್ತದೆ. ತೇವ ಹಿಡಿದ ಬಾವಿ ಮೋಟರಿನ ಸೋರಿಕೆ ಅದೇ ಆರ್‌ಸಿಸಿಬಿಯ ಮೇಲೆ ಬಿದ್ದರೆ ಎರಡೂ ಸೇರಿ ಗಡಿ ಮುಟ್ಟುತ್ತದೆ, ಕಳಂಕ ಕಾರಿಗೆ. ಕಾರಿನ ಸಾಲಿಗೆ ಬೇರೆಯೇ ಆರ್‌ಸಿಸಿಬಿ ಕೊಟ್ಟರೆ ಈ ಗೊಂದಲ ಇರುವುದಿಲ್ಲ. ಹೊರಡುವಾಗ ಅವರು ಅಜ್ಜನ ಮಗನಿಗೆ ಹೇಳಿದ್ದೂ ಇದನ್ನೇ: "ಜೂನಿನಲ್ಲಿ ನಿಂತ್ರೆ ಫೋನ್ ಮಾಡೋಕೆ ಮೊದ್ಲು ಎರಡು ನೋಡಿಡಿ. ಬೋರ್ಡಲ್ಲಿ ಆರ್‌ಸಿಸಿಬಿ ಬಿದ್ದಿದ್ಯಾ, ಇಲ್ಲಾ ಅದು ಹಾಗೇ ಇದ್ದು ಪೆಟ್ಟಿಗೆ ಮಾತ್ರ ಕೆಂಪಾಗಿದ್ಯಾ. ಬೋರ್ಡಲ್ಲಿ ಬಿದ್ದಿದ್ರೆ ಬಾವಿ ಮೋಟರಿನ ಎಂಸಿಬಿ ಇಳಿಸಿ, ಇನ್ನೊಂದ್ಸಲ ಕಾರು ಹಾಕಿ ನೋಡಿ. ಪೆಟ್ಟಿಗೆ ಮಾತ್ರ ಕೆಂಪಾಗಿದ್ರೆ ಗನ್ನಿನ ಬಾಯಿ ನೋಡಿ, ನೀರಿದ್ರೆ ಒಣಗೋ ತನಕ ಹಾಕ್ಬೇಡಿ."